ಇನ್ನು ಮುಂದೆ, ನೀವು ಕಾರ್ಯಕ್ರಮ ಅಳಿಸಿದರೆ ಬರುವವರಿಗೂ ಗೊತ್ತಾಗುತ್ತದೆ

ನಲ್ಮೆಯ ಗ್ರಾಹಕರೇ,

ನಮ್ಮ ಆ್ಯಪ್‌ನಲ್ಲಿ ಗುಂಪು ನಡೆಸುವ ಒಬ್ಬರು ನಮಗೆ ಬೇಸರದಿಂದ ಪತ್ರ ಬರೆದಿದ್ದರು. ಭಾನುವಾರ ಬೆಳಿಗ್ಗೆ 6ಕ್ಕೆ ಎಲ್ಲರೂ ಸೇರಿ ನಡೆಯಲು ಹೋಗುವ ಕಾರ್ಯಕ್ರಮ ಇಟ್ಟಿದ್ದರು. ಶನಿವಾರ ರಾತ್ರಿ ಅವರಿಗೆ ಜ್ವರ ಬಂತು. ಕಾರ್ಯಕ್ರಮವನ್ನು ಅಳಿಸಿ ಮಲಗಿದರು. ಬೆಳಿಗ್ಗೆ ಏಳು ಜನ ಹೇಳಿದ ಜಾಗಕ್ಕೆ ಬಂದು ಕಾದು ನಿಂತಿದ್ದರು. ಅಳಿಸಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ತಪ್ಪು ನಮ್ಮದು. ಈವರೆಗೆ ನೀವು ‘ಅಳಿಸಿ’ ಒತ್ತಿದರೆ ಕಾರ್ಯಕ್ರಮ ಗುಂಪಿನಿಂದ ಸುಮ್ನೆ ಮಾಯವಾಗುತ್ತಿತ್ತು. ಯಾರಿಗೂ ಒಂದು ಮಾತು ಹೋಗುತ್ತಿರಲಿಲ್ಲ. ಆ ಏಳು ಜನರ ಫೋನಿನ ಕ್ಯಾಲೆಂಡರ್‌ನಲ್ಲಿ ಮಾತ್ರ ಅದು ಹಾಗೇ ಉಳಿದಿತ್ತು, 5:30ಕ್ಕೆ ಸರಿಯಾಗಿ ನೆನಪೂ ಮಾಡಿತ್ತು. ಮುಂದಿನ ಅಪ್‌ಡೇಟ್‌ನಿಂದ ಇದನ್ನು ಬದಲಿಸುತ್ತಿದ್ದೇವೆ.

ಇನ್ನು ಮುಂದೆ ‘ಅಳಿಸಿ’ ಒತ್ತಿದಾಗ ಒಂದು ಸಣ್ಣ ಪರದೆ ಬರುತ್ತದೆ. ಎಷ್ಟು ಜನರಿಗೆ ತಿಳಿಸುತ್ತೇವೆ ಎಂದು ಅಲ್ಲೇ ಕಾಣುತ್ತದೆ. ಕಾರಣ ಬರೆಯಲು ಒಂದು ಸಾಲಿನ ಜಾಗವಿದೆ, ಬರೆಯದಿದ್ದರೂ ಆಗುತ್ತದೆ. ‘ಬರುತ್ತೇನೆ’, ‘ಬರಬಹುದು’ ಎಂದವರಿಗೆ ಕೂಡಲೇ ಸೂಚನೆ ಹೋಗುತ್ತದೆ. ಅದರಲ್ಲಿ ಕಾರ್ಯಕ್ರಮದ ಹೆಸರು, ದಿನ, ಸಮಯ, ಅಳಿಸಿದವರ ಹೆಸರು, ನೀವು ಬರೆದ ಕಾರಣ ಇಷ್ಟೇ ಇರುತ್ತದೆ. ಏನೂ ಉತ್ತರಿಸದೇ ಇದ್ದವರಿಗೂ ಇದೇ ಸೂಚನೆ ಹೋಗುತ್ತದೆ. ಈ ಬಗ್ಗೆ ನಮ್ಮಲ್ಲೇ ಸಾಕಷ್ಟು ಚರ್ಚೆ ಆಯಿತು. ಉತ್ತರ ಕೊಡದೆ ನೇರವಾಗಿ ಬಂದು ನಿಲ್ಲುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ ಅಲ್ವಾ? ಅವರನ್ನು ಬಿಡಲು ಮನಸ್ಸಾಗಲಿಲ್ಲ. ‘ಬರುವುದಿಲ್ಲ’ ಎಂದವರಿಗೆ ಮಾತ್ರ ಫೋನ್ ಸದ್ದು ಮಾಡುವುದಿಲ್ಲ, ಗುಂಪಿನಲ್ಲಿ ಒಂದು ಸಾಲು ಕಾಣುತ್ತದೆ. ಮುಗಿದುಹೋದ ಕಾರ್ಯಕ್ರಮ ಅಳಿಸಿದರೆ ಯಾರಿಗೂ ಏನೂ ಹೋಗುವುದಿಲ್ಲ.

ಕ್ಯಾಲೆಂಡರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಹ್ವಾನವನ್ನು ಇಮೇಲ್‌ನಲ್ಲಿ ಪಡೆದು, ಅಲ್ಲಿಂದಲೇ ಒಪ್ಪಿಕೊಂಡವರಿಗೆ ರದ್ದತಿಯ ಇಮೇಲ್ ಕೂಡ ಹೋಗುತ್ತದೆ. ಅದರೊಳಗಿನ ಮುಖ್ಯ ಸಾಲುಗಳು ಹೀಗಿರುತ್ತವೆ:

```
METHOD:CANCEL
UID:(ಮೊದಲ ಆಹ್ವಾನದ್ದೇ)
SEQUENCE:1
STATUS:CANCELLED
```

`UID` ಎಂದರೆ ಆ ಕಾರ್ಯಕ್ರಮದ ಗುರುತು. ಮೊದಲ ಆಹ್ವಾನದಲ್ಲಿ ಇದ್ದದ್ದೇ ಇರಬೇಕು, ಇಲ್ಲವಾದರೆ ಯಾವುದನ್ನು ತೆಗೆಯಬೇಕು ಎಂದು ಕ್ಯಾಲೆಂಡರ್‌ಗೆ ತಿಳಿಯದು. `SEQUENCE` ಮೊದಲು 0 ಇರುತ್ತದೆ, ರದ್ದಾದಾಗ ಹೆಚ್ಚುತ್ತದೆ. ಇದು ಹೊಸ ಸುದ್ದಿ, ಹಳೆಯದಲ್ಲ ಎಂದು ಕ್ಯಾಲೆಂಡರ್ ಇದರಿಂದ ತಿಳಿಯುತ್ತದೆ. ಕೆಲವು ಕ್ಯಾಲೆಂಡರ್‌ಗಳು ತಾವೇ ತೆಗೆದುಹಾಕುತ್ತವೆ. ಕೆಲವು ‘ರದ್ದಾಗಿದೆ’ ಎಂದು ತೋರಿಸಿ, ನೀವೇ ತೆಗೆಯಲಿ ಎಂದು ಕಾಯುತ್ತವೆ.

ಗುಂಪಿನ ಕ್ಯಾಲೆಂಡರ್ ಲಿಂಕ್ ಸೇರಿಸಿಕೊಂಡವರಲ್ಲಿ ಬದಲಾವಣೆ ತಡವಾಗಿ ಕಾಣಬಹುದು. ಆ ಲಿಂಕನ್ನು ಎಷ್ಟು ಹೊತ್ತಿಗೊಮ್ಮೆ ಮತ್ತೆ ಓದಬೇಕು ಎಂದು ಅವರ ಕ್ಯಾಲೆಂಡರ್ ತೀರ್ಮಾನಿಸುತ್ತದೆ, ಕೆಲವು ಗಂಟೆಗಳೇ ಹಿಡಿಯಬಹುದು. ಇನ್ನು ಫೈಲ್ ಇಳಿಸಿಕೊಂಡು ಒಂದೇ ಸಲ ಸೇರಿಸಿಕೊಂಡವರ ಪ್ರತಿಯನ್ನು ನಾವು ಮುಟ್ಟಲು ಆಗುವುದಿಲ್ಲ. ಅವರಿಗೆ ಫೋನಿನ ಸೂಚನೆಯೊಂದೇ ದಾರಿ. ಅದನ್ನೂ ಬಂದ್ ಮಾಡಿಟ್ಟುಕೊಂಡವರಿದ್ದರೆ? ಅಳಿಸಿದ ಮೇಲೆ ಅಂಥವರ ಹೆಸರುಗಳನ್ನು ನಿಮಗೆ ತೋರಿಸುತ್ತೇವೆ. ಹೊತ್ತು ಕಡಿಮೆ ಇದ್ದಾಗ ದಯವಿಟ್ಟು ಅವರಿಗೊಂದು ಫೋನ್ ಮಾಡಿ.

ಮತದಾನ ಅಳಿಸಿದರೆ ಬಿದ್ದ ಮತಗಳೂ ಹೋಗುತ್ತವೆ, ಮರಳಿ ತರಲು ಆಗುವುದಿಲ್ಲ. ಮತ ಹಾಕಿದವರಿಗೆ ‘ಈ ಮತದಾನವನ್ನು ತೆಗೆಯಲಾಗಿದೆ’ ಎಂಬ ಸಾಲು ಕಾಣುತ್ತದೆ, ಯಾರು ಯಾವುದಕ್ಕೆ ಹಾಕಿದ್ದರು ಎಂಬುದು ಕಾಣುವುದಿಲ್ಲ. ಮತ ಸಾಕು ಎನಿಸಿದ್ದರೆ ‘ಮುಗಿಸಿ’ ಒತ್ತಿ. ಎಣಿಕೆ ಉಳಿಯುತ್ತದೆ.

ಗುಂಪಿನ ಮೇಲ್ಭಾಗದಲ್ಲಿ ಅಂಟಿಸಿದ ಪ್ರಕಟಣೆಯಲ್ಲೂ ಇಂಥದ್ದೇ ಎರಡು ಗುಂಡಿಗಳಿವೆ. ‘ಮೇಲಿಂದ ಇಳಿಸಿ’ ಒತ್ತಿದರೆ ಅದು ಹಳೆಯ ಸಂದೇಶಗಳ ನಡುವೆ ಉಳಿಯುತ್ತದೆ. ‘ಅಳಿಸಿ’ ಒತ್ತಿದರೆ ಪೂರ್ತಿ ಹೋಗುತ್ತದೆ. ಎರಡಕ್ಕೂ ಯಾರಿಗೂ ಸೂಚನೆ ಹೋಗುವುದಿಲ್ಲ. ಆದರೆ ಪ್ರಕಟಣೆ ಹಾಕಿದಾಗ ಫೋನಿಗೆ ಹೋದ ಸೂಚನೆಯನ್ನು ಜನ ಆಗಲೇ ಓದಿರುತ್ತಾರೆ. ತಪ್ಪು ಸಮಯ ಬರೆದು ಅಳಿಸಿಬಿಟ್ಟರೆ ಅವರ ತಲೆಯಲ್ಲಿ ಆ ತಪ್ಪು ಸಮಯವೇ ಉಳಿಯುತ್ತದೆ. ಅಂಥ ಹೊತ್ತಿನಲ್ಲಿ ಮೊದಲು ಸರಿಯಾದ ಪ್ರಕಟಣೆ ಹಾಕಿ, ಆಮೇಲೆ ಹಳೆಯದನ್ನು ಅಳಿಸಿ.

ಅಪ್‌ಡೇಟ್ ಬಂದ ಮೇಲೆ ಒಮ್ಮೆ ಪರೀಕ್ಷಿಸಿ ನೋಡಬೇಕು ಎನಿಸಿದರೆ, ನೀವು ಮತ್ತು ಇನ್ನೊಬ್ಬರು ಮಾತ್ರ ಇರುವ ಗುಂಪು ಮಾಡಿ, ನಾಳೆಗೆ ಒಂದು ಕಾರ್ಯಕ್ರಮ ಇಟ್ಟು ಅಳಿಸಿ. ಅವರಿಗೆ ಸೂಚನೆ ಬರದಿದ್ದರೆ ನಮಗೆ ಬರೆಯಿರಿ.

ನಿಮ್ಮ,
ಆ್ಯಪ್ ನಡೆಸುವ ಬಳಗ