ಬೆದರಿಕೆ ನಂಬುವಂತಿರಬೇಕು

ಮಾನ್ಯರೇ,

ನಮ್ಮ ರಾಯಚೂರು ಕಡೆಯ ಪದವಿ ತರಗತಿಗಳಲ್ಲಿ ಅಣ್ವಸ್ತ್ರ ತಡೆ ಸಿದ್ಧಾಂತವನ್ನು ‘ಬಾಂಬ್ ಇದ್ದರೆ ಶತ್ರು ಹೆದರುತ್ತಾನೆ’ ಎಂಬ ಒಂದೇ ಸಾಲಿನಲ್ಲಿ ಮುಗಿಸುವುದು ಸರಿಯಲ್ಲ. ಬಾಂಬ್ ಇದ್ದರೆ ಸಾಲದು, ಅದನ್ನು ಬಳಸುತ್ತೇವೆ ಎಂದು ಎದುರಾಳಿ ನಂಬಬೇಕು. ಕಷ್ಟ ಇರುವುದೇ ಅಲ್ಲಿ.

ನಾವು ಮೊದಲು ಅಣ್ವಸ್ತ್ರ ಬಳಸುವುದಿಲ್ಲ, ಆದರೆ ನಮ್ಮ ನೆಲದ ಮೇಲೆ ಅಥವಾ ಎಲ್ಲೇ ಇರುವ ನಮ್ಮ ಸೇನೆಯ ಮೇಲೆ ಬಳಸಿದರೆ ಭಾರಿ ಪ್ರತಿದಾಳಿ ಮಾಡುತ್ತೇವೆ ಎಂದು ಭಾರತ 2003ರಲ್ಲಿ ಪ್ರಕಟಿಸಿತು. 2011ರಲ್ಲಿ ಪಾಕಿಸ್ತಾನ ಸುಮಾರು 60 ಕಿ.ಮೀ. ಹಾರುವ ನಸ್ರ್ ಕ್ಷಿಪಣಿ ಪರೀಕ್ಷಿಸಿತು. ತನ್ನ ನೆಲಕ್ಕೆ ನುಗ್ಗುವ ಟ್ಯಾಂಕ್ ಪಡೆಯನ್ನು ಸಣ್ಣ ಅಣುಬಾಂಬ್‌ನಿಂದ ತಡೆಯುವುದು ಅದರ ಲೆಕ್ಕ. ಒಂದು ಟ್ಯಾಂಕ್ ಪಡೆಗಾಗಿ ಭಾರತ ಅವರ ನಗರಗಳನ್ನೇ ಸುಡುತ್ತದೆಯೇ? ಸುಟ್ಟರೆ ನಮ್ಮ ನಗರಗಳೂ ಉಳಿಯುವುದಿಲ್ಲ, ಅಲ್ವಾ? ಈ ಅನುಮಾನ ಬಂದ ಕೂಡಲೇ ಬೆದರಿಕೆಯ ಬಲ ಕುಗ್ಗುತ್ತದೆ. ಹಾಗಂತ ನಾವೂ ಸಣ್ಣ ಬಾಂಬ್ ಇಟ್ಟುಕೊಂಡರೆ ಬಳಕೆಯ ಅಪಾಯವೇ ಜಾಸ್ತಿಯಾಗಬಹುದು. ಕಡಲಡಿ ಅಡಗಿರಬಲ್ಲ ನಮ್ಮ ಅರಿಹಂತ್ ಜಲಾಂತರ್ಗಾಮಿ ಪ್ರತಿದಾಳಿಯ ಶಕ್ತಿಯನ್ನು ಕಾಯುತ್ತದೆ. ಆದರೆ ಪ್ರತಿದಾಳಿ ಮಾಡುವ ಮನಸ್ಸು ನಮಗಿದೆ ಎಂದು ಅದು ತೋರಿಸಲಾರದು.

ಅಧ್ಯಾಪಕರು ಇದೊಂದು ಪ್ರಕರಣಕ್ಕೆ ಒಂದು ಪೂರ್ತಿ ತರಗತಿ ಕೊಡಲಿ. ಅರ್ಧ ವಿದ್ಯಾರ್ಥಿಗಳು ದೆಹಲಿಯ ಪರ, ಉಳಿದವರು ಇಸ್ಲಾಮಾಬಾದ್ ಪರ ಕೂತು, ತಮ್ಮ ಪ್ರತಿ ಹೆಜ್ಜೆಯನ್ನು ಎದುರಿನವರು ಏಕೆ ನಂಬಬೇಕು ಎಂದು ವಿವರಿಸಲಿ.

– ಓದುಗ, ಸಿಂಧನೂರು