ಭಾನುವಾರ ಬರೋ ಮುಂಚೆ ಈ ಒಂದು ಲೆಕ್ಕ ಹಾಕ್ಕೊಂಡು ಬರ್ರಿ

ಎಲ್ಲರಿಗೂ ಶರಣು. ಭಾನುವಾರ ಸಂಜೆ 5ಕ್ಕೆ ಅಪ್ಪನ ಕೆರೆ ಹತ್ರ ಸೇರೋಣು. ನಿವೃತ್ತಿ ಹಣ ಇಕ್ವಿಟಿ ಫಂಡಿಗೆ ಹಾಕಬೇಕಂತ ಇದ್ದವರು ತಪ್ಪದೇ ಬರ್ರಿ.

ಸರಾಸರಿ ಲಾಭ ಅಷ್ಟೇ ನೋಡಬ್ಯಾಡ್ರಿ, ಮ್ಯಾಕ್ಸಿಮಮ್ ಡ್ರಾಡೌನ್ ನೋಡ್ರಿ. ಅಂದ್ರ ಎತ್ತರದ ಬೆಲೆಯಿಂದ ತಳದ ತನಕ ಎಷ್ಟು ಇಳೀತು ಅನ್ನೋದು. 2020ರ ಜನವರಿ 14ಕ್ಕೆ ನಿಫ್ಟಿ 12,362 ಇತ್ತು, ಮಾರ್ಚ್ 23ಕ್ಕೆ 7,610. ಇಳಿದ 4,752ನ್ನು 12,362ರಿಂದ ಭಾಗಿಸಿದ್ರ ಸುಮಾರು ಶೇ 38.4. 1 ಲಕ್ಷ ಇದ್ದವರಿಗೆ ಮೊಬೈಲಿನಾಗ ಸುಮಾರು 61,560 ಕಾಣ್ತಿತ್ತು. ಅದು ಮತ್ತ 1 ಲಕ್ಷ ಆಗಲಿಕ್ಕ ಸುಮಾರು ಶೇ 62.4 ಏರಬೇಕಿತ್ತು. ಹೆದರಿ ಅವತ್ತೇ ಮಾರಿದವರಿಗೆ ಸರಾಸರಿ ಲಾಭ ಸಿಗಲೇ ಇಲ್ಲ. ಮುಂದಿನ ಕುಸಿತ ಇದಕ್ಕಿಂತ ದೊಡ್ಡದೂ ಆಗಬಹುದು, ಇದು ಹಿಂದಿನ ಲೆಕ್ಕ ಅಷ್ಟೇ.

ನಿಮ್ಮ ಫಂಡಿನ ಈ ಅಂಕಿ ತೆಗೆದು, ಬರ್ತೀರೋ ಇಲ್ಲೋ ಶುಕ್ರವಾರದೊಳಗ ಇಲ್ಲೇ ಹೇಳ್ರಿ.