ಎರಡನೇ ತರಗತಿ ಇಂಗ್ಲಿಷ್: ತಪ್ಪು ಹುಡುಕುವ ವಾಕ್ಯಗಳು

ಎಲ್ಲರಿಗೂ ನಮಸ್ಕಾರ್ರಿ. ಬಾಗಲಕೋಟೆ ತಾಲೂಕಿನ ನಲಿಕಲಿ ಶಿಕ್ಷಕರು ಸೋಮವಾರದಿಂದ ದಿನಾ ಹತ್ತು ನಿಮಿಷ ಇದನ್ನು ಮಾಡಿಸಿ. ಬೋರ್ಡ್ ಮೇಲೆ ಒಂದೇ ವಾಕ್ಯ ಬರೆಯಿರಿ:

```
is ravi going to badami
```

'ಇದರಲ್ಲಿ 4 ತಪ್ಪು ಇವೆ' ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಒಂದು ಸಿಕ್ಕ ಕೂಡಲೇ ಮಕ್ಕಳು ನಿಲ್ಲಿಸಿಬಿಡುತ್ತಾರೆ. ಮೊದಲ ಅಕ್ಷರ, ಹುಡುಗನ ಹೆಸರು, ಊರಿನ ಹೆಸರು, ಕೊನೆಯ ಚಿಹ್ನೆ. ಸ್ಪೆಲಿಂಗ್ ತಪ್ಪು ಮಾತ್ರ ಬೇಡ, ಮಕ್ಕಳ ಗಮನ ಅತ್ತ ಹೋಗುತ್ತದೆ.

ಜಾಸ್ತಿ ಎಡವುವುದು ಕೊನೆಯ ಚಿಹ್ನೆಯಲ್ಲಿ. ಕನ್ನಡದಲ್ಲಿ 'ಹೊಂಟಾನೇನು' ಅಂದಾಗ ಪ್ರಶ್ನೆ ಕೊನೆಗೆ ಕೇಳಿಸುತ್ತದೆ, ಇಂಗ್ಲಿಷಿನಲ್ಲಿ ಅದು ಮೊದಲ ಪದದಲ್ಲೇ ಇರುತ್ತದೆ, ಅದಕ್ಕೇ ಮಕ್ಕಳು ಸುಮ್ನೆ ಫುಲ್‌ಸ್ಟಾಪ್ ಇಡುತ್ತಾರೆ. ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲು ಜೋರಾಗಿ ಓದಿಸಿ, 'ಇದು ಕೇಳಿದ್ದೋ, ಹೇಳಿದ್ದೋ?' ಅನ್ನಿ. ಮರುದಿನ ಇದನ್ನೇ ಹೇಳಿಕೆ ಮಾಡಿ ಕೊಡಿ:

```
ravi is going to badami
```

ಇದರಲ್ಲಿ 3 ತಪ್ಪು, ಯಾಕಂದ್ರೆ ಹೆಸರೇ ಮೊದಲ ಪದ.

ಇನ್ನೊಂದು, ವಾಕ್ಯ ಎರಡನೇ ಸಾಲಿಗೆ ಇಳಿದರೆ ಕೆಲವರು ಅಲ್ಲೂ ದೊಡ್ಡಕ್ಷರ ಹಾಕುತ್ತಾರೆ, ನೋಡಿಕೊಳ್ಳಿ. ಸರಿ ಮಾಡಿದ ಪೂರ್ತಿ ವಾಕ್ಯವನ್ನು ನೋಟ್‌ಬುಕ್‌ನಲ್ಲಿ ಬರೆಸಲೇಬೇಕು, ತಪ್ಪು ರೂಪ ಕಣ್ಣಲ್ಲಿ ಉಳಿಯಬಾರದು ಅಲ್ವಾ?

ಶನಿವಾರ ಸಂಜೆಯೊಳಗೆ ಮಕ್ಕಳು ಯಾವ ತಪ್ಪು ಬಿಟ್ಟರು ಅಂತ ಇಲ್ಲೇ ಬರೆಯಿರಿ, ಮುಂದಿನ ವಾರದ ವಾಕ್ಯ ಅದರ ಮೇಲೆ ಮಾಡೋಣ.